ಕನ್ನಡಿಯಂಥ ಕಾವಲಿ

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಕರಿಬಸವರಾಜನ ದೋಸೆ ಅಂಗಡಿ ಇತ್ತು. ಅಂಗಡಿ ಅಂದರೆ ಎರಡು ಬೆಂಚು, ಒಂದು ಕಟ್ಟಿಗೆ ಒಲೆ, ಒಲೆಯ ಮೇಲೆ ಎರಡು ಕಿವಿಗಳಿದ್ದ ಒಂದು ದಪ್ಪ ಕಬ್ಬಿಣದ ಕಾವಲಿ. ಇಷ್ಟನ್ನು ಅವನು ‘ನಮ್ಮ ಸಂಸ್ಥೆ’ ಎನ್ನುತ್ತಿದ್ದ. ನಯಾಪೈಸೆ ಬಂದು ಕೆಲವು ವರ್ಷಗಳಾಗಿದ್ದರೂ ಜನ ಇನ್ನೂ ಆಣೆಯಲ್ಲೇ ಯೋಚಿಸುತ್ತಿದ್ದ ಕಾಲ. ಬೆಳಗಿನ ಪಾಳಿಯ ಗಿರಣಿ ಕೂಗುವ ಮೊದಲೇ ಅವನ ಬೆಂಚುಗಳು ತುಂಬಿರುತ್ತಿದ್ದವು. ಹತ್ತಿ ಗಿರಣಿಯ ಕೆಲಸಗಾರರು, ಮಂಡಿಯ ಹಮಾಲರು, ಆವರಗೆರೆಯಿಂದ ಗಾಡಿ ಹೊಡೆದುಕೊಂಡು ಬಂದ ರೈತರು, ಎಲ್ಲರೂ ಅಂಗೈಯಗಲದ, ಮೆತ್ತನೆಯ, ಬೆಣ್ಣೆ ಸುರಿಯುವ ದೋಸೆ ತಿಂದು, ಕೈಗೆ ಹತ್ತಿದ ಬೆಣ್ಣೆಯನ್ನು ಮೀಸೆಗೆ ಸವರಿಕೊಂಡು ಹೋಗುತ್ತಿದ್ದರು.

ಕರಿಬಸವರಾಜ ಒಲೆಯ ಮುಂದೆ ನಿಲ್ಲುವ ಭಂಗಿಯನ್ನು ನೋಡಿದರೆ ಒಳಗೆ ಯಾವುದೋ ಕಮಿಟಿ ಕೂತಿದೆ, ಇವನು ಅದರ ಅಧ್ಯಕ್ಷ ಅನ್ನಿಸಬೇಕು. ಹೆಗಲಿಗೆ ಮಡಿಸಿದ ವಸ್ತ್ರ, ಹಣೆಗೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಸೌಟು. ಗಿರಾಕಿ ಬೇಗ ಕೊಡಿ ಅಂದರೆ, ದೋಸೆ ಆಗುವಾಗ ಆಗುತ್ತದೆ, ಅದಕ್ಕೆ ಶಿಫಾರಸು ನಡೆಯುವುದಿಲ್ಲ ಎಂಬ ಅರ್ಥ ಬರುವಂತೆ ಹುಬ್ಬು ಮಾತ್ರ ಏರಿಸುತ್ತಿದ್ದ. ಕಾವಲಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ, ಅಂಗಡಿಯ ಚಟ್ನಿ ಪಲ್ಯಗಳನ್ನೆಲ್ಲ ಒಬ್ಬಳೇ ಮಾಡುತ್ತಿದ್ದ ಅಕ್ಕ ದ್ರಾಕ್ಷಾಯಣಮ್ಮನೂ ಕೂಡ.

ಇಂಥ ಅಧ್ಯಕ್ಷರಿಗೆ ಮದುವೆ ಮಾತ್ರ ಆಗಿರಲಿಲ್ಲ. ವಯಸ್ಸು ಮೂವತ್ತು ದಾಟಿ ಮುಂದಕ್ಕೆ ಹೋಗುತ್ತಲೇ ಇತ್ತು. ಮಲೆಬೆನ್ನೂರಿನ ಒಂದು ಮನೆಯವರು ಹುಡುಗನ ಮೈಯಿಂದ ಹೊಗೆ ವಾಸನೆ ಹೋಗುವುದಿಲ್ಲ ಅಂದರು. ಇನ್ನೊಂದು ಕಡೆ ಇವನು ಹೆಣ್ಣು ನೋಡಲು ಹೋದವನು ಅವರು ಕೊಟ್ಟ ದೋಸೆಯ ಹಿಟ್ಟು ಯಾಕೆ ಹುಳಿಯಾಗಿಲ್ಲ ಎಂಬುದರ ಬಗ್ಗೆ ಅರ್ಧ ಗಂಟೆ ಮಾತಾಡಿ, ಹೆಣ್ಣನ್ನು ನೋಡುವುದು ಮರೆತು ಎದ್ದು ಬಂದಿದ್ದ. ಆ ಮೇಲೆ ದ್ರಾಕ್ಷಾಯಣಮ್ಮ ಸಂಬಂಧ ಹುಡುಕುವುದನ್ನು ಬಿಟ್ಟು, ತಮ್ಮನ ಎದುರಿಗೇ ದೇವರ ಹತ್ತಿರ ಜಗಳ ಆಡತೊಡಗಿದಳು.

ಹೀಗಿರುವಾಗ ಅವನು ಒಂದು ದಿನ ಬೆಣ್ಣೆ ನೋಡಲು ಹರಿಹರಕ್ಕೆ ಹೋದ. ಬೆಣ್ಣೆ ನೋಡಿ ಆಯಿತು, ಹಸಿವೆಯೂ ಆಯಿತು. ರೈಲು ನಿಲ್ದಾಣದ ಎದುರಿಗೆ ಕೆಂಚವೀರಪ್ಪನವರ ಹೋಟೆಲು. ಕೆಂಚವೀರಪ್ಪನವರು ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಶಾಂತಕುಮಾರಿಯ ಜೊತೆ ಆ ಹೋಟೆಲನ್ನು ನಡೆಸುತ್ತಿದ್ದರು. ಹರಿಹರದಲ್ಲಿ ರೈಲುಗಳು ನಿಲ್ಲುವುದೇ ತಮ್ಮ ದೋಸೆಗಾಗಿ, ಇಂಜಿನ್ನಿಗೆ ನೀರು ತುಂಬಿಸುವುದು ಬರೀ ನೆಪ ಎಂಬುದು ಅವರ ದೃಢ ನಂಬಿಕೆ. ಕರಿಬಸವರಾಜ ಅಲ್ಲಿ ದೋಸೆ ತಿಂದ. ತೆಳ್ಳಗಿತ್ತು, ಗರಿಗರಿಯಾಗಿತ್ತು. ಹಾಗಂತ ಒಪ್ಪಿಕೊಳ್ಳುವುದು ಹೇಗೆ? ಗಲ್ಲಾದ ಮುಂದೆ ನಿಂತು, ದಾವಣಗೆರೆಯ ದೋಸೆಗೆ ಇರುವ ಮೈ ಇದಕ್ಕಿಲ್ಲ ಎಂದು ತೀರ್ಪು ಕೊಟ್ಟ.

ಒಳಗಿನಿಂದ ಒಂದು ಹೆಣ್ಣು ದನಿ ಕೇಳಿಸಿತು.

“ಅಪ್ಪಾರೆ, ದಾವಣಗೇರಿಯವರು ದೋಸೆ ಹಾಕೋದಿಲ್ಲಂತ ಹೇಳ್ರಿ. ಅವರು ಬೆಣ್ಣಿ ಹಾಕ್ತಾರೆ. ದೋಸೆ ಅದರ ಬುಡಕ್ಕೆಲ್ಲೋ ಇರ್ತೈತಂತೆ.”

ಹೋಟೆಲಿನಲ್ಲಿ ಕೂತವರೆಲ್ಲ ನಕ್ಕರು. ಕರಿಬಸವರಾಜನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಗಿಲ ಸಂದಿಯಲ್ಲಿ, ಒಲೆಯ ಬಿಸಿಗೆ ಕೆಂಪಾದ ಒಂದು ಮುಖ, ಕೈಯಲ್ಲಿ ಸೌಟು. ಅವನು ಹಿಡಿಯುವ ಹಾಗೆಯೇ ಹಿಡಿದಿದ್ದಳು, ಹಿಡಿಕೆಯ ತುದಿಯಲ್ಲಿ ಎರಡು ಬೆರಳು ಬಿಟ್ಟು. ರೈಲು ಹತ್ತಿ ದಾವಣಗೆರೆಯಲ್ಲಿ ಇಳಿಯುವಷ್ಟರಲ್ಲಿ ಹರಿಹರದ ಬೆಣ್ಣೆಯೇ ಬೆಣ್ಣೆ, ಉಳಿದದ್ದೆಲ್ಲ ಡಾಲ್ಡಾ ಎಂಬ ತೀರ್ಮಾನಕ್ಕೆ ಬಂದಿದ್ದ. ಆ ಮೇಲೆ ವಾರವಾರವೂ ಬೆಣ್ಣೆ ನೋಡಲು ಹೋದ. ಒಮ್ಮೆ ಬೆಣ್ಣೆ ತರುವುದನ್ನೇ ಮರೆತು ಬಂದಾಗ ದ್ರಾಕ್ಷಾಯಣಮ್ಮನಿಗೆ ವಿಷಯ ತಿಳಿಯಿತು. ಮಾರನೇ ದಿನವೇ ತಾನೇ ಹರಿಹರದ ಬಸ್ಸು ಹತ್ತಿದಳು.

ಕೆಂಚವೀರಪ್ಪನವರು ಬೇಡ ಅನ್ನಲಿಲ್ಲ. ಹಾಗೆಂದು ಸುಮ್ಮನೆ ಹ್ಞೂಂ ಅಂದರೆ ಅವರ ದೊಡ್ಡಸ್ತಿಕೆಗೆ ಏನು ಬೆಲೆ? ಒಂದು ಶರತ್ತು ಹಾಕಿದರು. ವಿಜಯದಶಮಿಯ ದಿನ ಬನ್ನಿ ಕೊಡುವ ನೆಪದಲ್ಲಿ ತಾವೂ ಮಗಳೂ ದಾವಣಗೆರೆಗೆ ಬರುತ್ತೇವೆ. ಹುಡುಗ ತನ್ನ ಕೈಯಾರೆ ಪೇಪರ್ ದೋಸೆ ಹಾಕಬೇಕು. ಬೆಣ್ಣೆಯ ಕೆಳಗೆ ಅಡಗಿಸಿದ್ದಲ್ಲ. ಬೆಳಕಿಗೆ ಎತ್ತಿ ಹಿಡಿದರೆ ಆಚೆ ನಿಂತವರ ಹಣೆಯ ವಿಭೂತಿ ಕಾಣಬೇಕು. ಕಂಡರೆ ಮಗಳನ್ನು ಕೊಟ್ಟೆ, ಕಾಣದಿದ್ದರೆ ಬನ್ನಿ ಕೊಟ್ಟು ವಾಪಸು ಬಂದೆ.

ದ್ರಾಕ್ಷಾಯಣಮ್ಮ ಇದನ್ನು ಬಂದು ಹೇಳಿದಾಗ ಕರಿಬಸವರಾಜ ಹುಬ್ಬು ಏರಿಸಿದ. ಇಷ್ಟೇ ತಾನೇ ಅಂದ. ಆದರೆ ಆ ಸಂಜೆ ಅವನು ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದನೆಂದು ಅಕ್ಕ ಓಣಿಯವರಿಗೆಲ್ಲ ಹೇಳಿದಳು.

ಅಲ್ಲಿಂದ ಶುರುವಾಯಿತು ಸಂಸ್ಥೆಯ ಸಂಶೋಧನೆ. ಅವನ ಕೈಗೆ ಒಗ್ಗಿದ್ದು ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಮೇಲೆ ಧಾರಾಳವಾಗಿ ನೆನೆಸಿದ ಮಂಡಕ್ಕಿ. ಅದೇ ಹಿಟ್ಟನ್ನು ತೆಳ್ಳಗೆ ಎಳೆಯಲು ಹೋದ. ಹಿಟ್ಟು ಸೌಟಿಗೆ ಅಂಟಿಕೊಂಡು, ನಾನೇಕೆ ಅಷ್ಟು ದೂರ ಹೋಗಲಿ ಎಂದು ಮೊಂಡು ಹಿಡಿಯಿತು. ಎಳೆದಲ್ಲೆಲ್ಲ ಹರಿದು, ಹರಿಯದಲ್ಲೆಲ್ಲ ಉಬ್ಬಿ, ಕೊನೆಗೆ ಸಿಕ್ಕಿದ್ದು ಎಮ್ಮೆಯ ಮೈಮೇಲೆ ಹೊದಿಸುವ ಕಂಬಳಿಯಂಥ ಒಂದು ವಸ್ತು. ಉದ್ದು ಹೆಚ್ಚಿದ್ದರೆ ದೋಸೆ ಮೆತ್ತಗಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಹಾಗಾದರೆ ಉದ್ದನ್ನೇ ಕಡಿಮೆ ಮಾಡೋಣ ಎಂದು ಎಂಟು ಪಾವು ಅಕ್ಕಿಗೆ ಒಂದು ಪಾವು ಹಾಕಿದ. ಮಾರನೇ ಬೆಳಗ್ಗೆ ನೋಡಿದರೆ ಹಿಟ್ಟು ಏಳದೆ, ಅಕ್ಕಿ ಎಲ್ಲ ಪಾತ್ರೆಯ ತಳಕ್ಕೆ ಹೋಗಿ ಕೂತಿತ್ತು. ದೋಸೆ ತೆಳ್ಳಗೇನೋ ಆಯಿತು. ಎತ್ತಿದರೆ ಹಪ್ಪಳದ ಚೂರುಗಳಂತೆ ಉದುರಿತು.

ಕೊನೆಗೆ ನಾಲ್ಕಕ್ಕೆ ಒಂದು ಎಂದು ನಿಂತ. ನಾಲ್ಕು ಪಾವು ಅಕ್ಕಿ ಬೇರೆ ನೆನೆಹಾಕು, ಒಂದು ಪಾವು ಉದ್ದು ಬೇರೆ. ಉದ್ದನ್ನು ಬೆಣ್ಣೆಯಂತೆ ನೊರೆ ಬರುವ ತನಕ ರುಬ್ಬು, ಅಕ್ಕಿಯನ್ನು ಬೆರಳಿಗೆ ತುಸು ಸಣ್ಣ ರವೆ ಸಿಗುವಷ್ಟು ನುಣ್ಣಗೆ. ಈ ಹಿಟ್ಟು ಸೌಟಿನ ಮಾತು ಕೇಳಿತು, ಅಂಚಿನ ತನಕ ಓಡಿತು. ಕರಿಬಸವರಾಜ ಖುಷಿಯಿಂದ ಅಕ್ಕನನ್ನು ಕೂಗಿದ. ಅವಳು ಚಟ್ನಿ ತರುವಷ್ಟರಲ್ಲಿ ದೋಸೆ ಒಣಗಿ ಹಂಚಿನ ಚೂರಿನಷ್ಟು ಗಟ್ಟಿಯಾಗಿತ್ತು.

“ತಮ್ಮಾ, ಇದನ್ನ ಬೀಗರಿಗೆ ಕೊಟ್ರೆ ಅವರು ಮಾಳಿಗಿ ಮ್ಯಾಲೆ ಹೊದಿಸ್ಕೊಂತಾರೆ ನೋಡು,” ಅಂದಳು ದ್ರಾಕ್ಷಾಯಣಮ್ಮ.

ಮಂಡಕ್ಕಿಯನ್ನು ಬಿಟ್ಟಿದ್ದರಿಂದ ಹೀಗಾಯಿತೆಂದು ಹೊಳೆದು, ಅದರ ಬದಲು ಅವಲಕ್ಕಿ ಹಿಡಿದ. ಮೊದಲ ಸಲ ಉತ್ಸಾಹದಲ್ಲಿ ಎರಡು ಪಾವು ಸುರಿದ. ದೋಸೆ ಮತ್ತೆ ಮೆತ್ತಗಾಗಿ, ತೂತು ತೂತಾಗಿ, ನೀರು ಹೀರುವ ಸ್ಪಂಜಿನಂತಾಯಿತು. ಅರ್ಧ ಪಾವಿಗೆ ಇಳಿಸಿದ. ತೆಳು ಅವಲಕ್ಕಿ, ರುಬ್ಬುವ ಸ್ವಲ್ಪ ಮೊದಲು ನೀರು ಚಿಮುಕಿಸಿ ನೆನೆಸಿದ್ದು. ಒಮ್ಮೆ ಬೆಂದು ಚಪ್ಪಟೆಯಾಗಿರುವ ಅಕ್ಕಿ ಅದು. ಹಿಟ್ಟಿನ ನೀರನ್ನು ಹಿಡಿದಿಟ್ಟು, ಹಿಟ್ಟಿಗೆ ಮೈ ಕೊಟ್ಟು, ದೋಸೆ ಗರಿಯಾದರೂ ಕಲ್ಲಾಗದಂತೆ ಕಾಯಿತು. ಕಚ್ಚಿದರೆ ಸದ್ದು ಬರುತ್ತಿತ್ತು, ಹಲ್ಲಿಗೆ ನೋವಾಗುತ್ತಿರಲಿಲ್ಲ.

ಇನ್ನು ಉಳಿದದ್ದು ಬಣ್ಣ. ದೋಸೆ ಜ್ವರದಿಂದ ಎದ್ದವರ ಹಾಗೆ ಬೆಳ್ಳಗೆ ಬರುತ್ತಿತ್ತು. ಮೆಂತ್ಯ ಹಾಕು ಅಂದಳು ಅಕ್ಕ. ಅವನು ಒಂದು ಹಿಡಿ ಹಾಕಿದ. ಹಿಟ್ಟು ಲೋಳೆಯಾಗಿ ಜಾರಿತು, ದೋಸೆ ಬೇಯುವ ಮೊದಲೇ ಕಂದಿತು, ತಿಂದವರು ಹೊಟ್ಟೆನೋವಿಗೆ ಕಷಾಯ ಕೊಟ್ಟಿದ್ದೀರೇನು ಎಂದು ಕೇಳಿದರು. ಅಷ್ಟು ಹಿಟ್ಟಿಗೆ ಒಂದು ಚಮಚ, ಉದ್ದಿನ ಜೊತೆಯಲ್ಲೇ ನೆನೆಸಿ ರುಬ್ಬಿದ್ದು, ಸಾಕಾಯಿತು. ಮರುದಿನ ಬೆಳಗ್ಗೆ ಹಿಟ್ಟು ಪಾತ್ರೆಯ ಬಾಯಿಗೆ ಬಂದು ಇಣುಕುತ್ತಿತ್ತು. ಕಾವಲಿಯ ಮೇಲೆ ಎಳೆದರೆ ಎಲ್ಲೂ ಹರಿಯದೆ ರೇಷ್ಮೆಯಂತೆ ಹರಡಿ, ಜೇನಿನ ಬಣ್ಣಕ್ಕೆ ತಿರುಗಿ, ಓಣಿಯ ತುದಿಯ ತನಕ ಘಮ್ಮೆಂದಿತು. ಹಮಾಲರು ಮೂಟೆ ಇಳಿಸಿ ಬಂದು ನಿಂತರು. ಕರಿಬಸವರಾಜ ಆ ದೋಸೆಯನ್ನು ಕಿಟಕಿಗೆ ಹಿಡಿದು ನೋಡಿದ. ಆಚೆಯ ಗೋಡೆ, ಗೋಡೆಯ ಮೇಲಿನ ಬೆಕ್ಕು, ಎರಡೂ ಕಂಡವು. ಆ ದಿನ ಅವನು ಯಾರಿಗೂ ಹುಬ್ಬು ಏರಿಸಲಿಲ್ಲ. ಕೇಳಿದವರಿಗೂ ಕೇಳದವರಿಗೂ ನಗುತ್ತ ದೋಸೆ ಕೊಟ್ಟ.

ಇಲ್ಲಿಗೆ ಎಲ್ಲ ಮುಗಿದಿತ್ತು. ಹಿಟ್ಟು ಸರಿ, ಕೈ ಸರಿ, ಕಾವಲಿ ಸರಿ. ಮನುಷ್ಯ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

ವಿಜಯದಶಮಿಯ ಹಿಂದಿನ ದಿನ ಆಯುಧ ಪೂಜೆ. ಊರಿನವರೆಲ್ಲ ತಮ್ಮ ತಮ್ಮ ಆಯುಧ ತೊಳೆಯುವ ದಿನ. ಗಿರಣಿಯಲ್ಲಿ ಮಗ್ಗಗಳಿಗೆ ಮಾಲೆ, ಮಂಡಿಯಲ್ಲಿ ತಕ್ಕಡಿಗೆ ಕುಂಕುಮ, ಬಸ್ಸುಗಳಿಗೆ ಬಾಳೆಕಂದು. ಪ್ರತಿ ವರ್ಷ ಕರಿಬಸವರಾಜನೂ ಸೌಟು, ಮಗುಚುವ ಕೈ, ಪಾತ್ರೆಗಳನ್ನೆಲ್ಲ ತೊಳೆದು, ಕಾವಲಿಯನ್ನು ಮಾತ್ರ ಎಣ್ಣೆ ಬಟ್ಟೆಯಲ್ಲಿ ಒರೆಸಿ ವಿಭೂತಿ ಹಚ್ಚುತ್ತಿದ್ದ. ಈ ವರ್ಷ ಪೂಜೆಗೆ ಕೂತವನಿಗೆ ಸಾಲಿನಲ್ಲಿ ಎಲ್ಲವೂ ಫಳಫಳ ಹೊಳೆಯುವಾಗ ನಡುವೆ ಕಾವಲಿಯೊಂದೇ ಕರ್ರಗೆ, ಹಳೆಯ ಸಾಲಗಾರನಂತೆ ಕೂತಿರುವುದು ಕಣ್ಣಿಗೆ ಬಿತ್ತು. ನಾಳೆ ಬೀಗರು ಬರುತ್ತಾರೆ. ಶಾಂತಕುಮಾರಿ ಬರುತ್ತಾಳೆ. ಸಂಸ್ಥೆಯ ಮುಖ್ಯ ಆಯುಧವೇ ಹೀಗೆ ಮಸಿ ಹಿಡಿದಿದ್ದರೆ ನೋಡಿದವರು ಏನೆಂದುಕೊಂಡಾರು?

ಇಟ್ಟಿಗೆ ಪುಡಿ ಮಾಡಿದ. ಹುಣಸೆಹಣ್ಣು ನೆನೆಸಿದ. ತೆಂಗಿನ ನಾರು ಹಿಡಿದು ಹಿತ್ತಲ ಕಲ್ಲಿನ ಮೇಲೆ ಕಾವಲಿಯನ್ನು ಕೆಡವಿಕೊಂಡು ಉಜ್ಜಿದ, ಮಧ್ಯಾಹ್ನವಿಡೀ ಉಜ್ಜಿದ. ಕಪ್ಪು ಹೋಯಿತು, ಕಂದು ಹೋಯಿತು, ಕೊನೆಗೆ ಬೆಳ್ಳಗಿನ ಕಬ್ಬಿಣ ಹೊರಗೆ ಬಂದು ನಕ್ಕಿತು. ಅದರಲ್ಲಿ ತನ್ನ ಮುಖ ನೋಡಿ ಮೀಸೆ ತಿದ್ದಿಕೊಂಡ. ಹೂವು ಏರಿಸಿ, ಕಾಯಿ ಒಡೆದು, ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸಿದ. ಆ ಕಾವಲಿಯನ್ನು ಬಡಿದು ಕೊಟ್ಟ ಕುಲುಮೆಯ ಬುಡನ್ ಸಾಬ್ ಸಂಜೆ ಆ ದಾರಿಯಲ್ಲಿ ಬಂದವರು ನೋಡಿ, ಏನೋ ಹೇಳಲು ಬಾಯಿ ತೆರೆದರು. ಕರಿಬಸವರಾಜ ಅವರ ಕೈಗೆ ಪ್ರಸಾದ ಇಟ್ಟು, ಹೆಂಗೆ ಹೊಳಿತೈತೆ ನೋಡ್ರಿ ಸಾಬ್ರೆ, ಎಂದು ತಾನೇ ಮಾತಾಡಿ ಕಳಿಸಿದ.

ಮರುದಿನ ಬೀಗರು ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಬಂದರು. ಹತ್ತರ ಬಸ್ಸಿಗೆ ಬರಬೇಕಾದ ಕೆಂಚವೀರಪ್ಪನವರು ಬೆಳಗಿನ ಪ್ಯಾಸೆಂಜರ್ ರೈಲಿಗೇ ಬಂದು ಇಳಿದಿದ್ದರು. ತಾವು ಶಿಸ್ತಿನ ಮನುಷ್ಯರೆಂದೂ, ಹೊತ್ತಿನ ಬೆಲೆ ತಿಳಿದವರೆಂದೂ ಹೇಳಿಕೊಂಡರು. ಜರಿ ಪೇಟ, ಬಿಳಿ ಕೋಟು, ಎಲ್ಲ ಸರಿ. ಕೋಟಿನ ತೋಳಿಗೆ ಮಾತ್ರ ಅಂಗೈಯಷ್ಟು ಮಸಿ ಎಣ್ಣೆ. ಜೊತೆಗೆ ಬಂದ ಶಾಂತಕುಮಾರಿ ತಲೆ ತಗ್ಗಿಸಿ, ನಗು ತಡೆದುಕೊಂಡಂತೆ ತುಟಿ ಕಚ್ಚಿಕೊಂಡಿದ್ದಳು. ದ್ರಾಕ್ಷಾಯಣಮ್ಮ ಬರ್ರಿ, ಕೂಡ್ರಿ ಎಂದು ಕಂಬಳಿ ಹಾಸಿ, ದೋಸೆ ಆಗುವ ತನಕ ಇರಲಿ ಎಂದು ಉಪ್ಪಿಟ್ಟು ಕೊಟ್ಟಳು. ಕೆಂಚವೀರಪ್ಪನವರು ಗಬಗಬ ಉಪ್ಪಿಟ್ಟು ಮುಗಿಸಿ, ಮಗಳ ತಟ್ಟೆಯ ಕಡೆ ನೋಡಿದರು. ಬೆಳಗಿನಿಂದ ಏನೂ ತಿಂದಿಲ್ಲವೇನೋ ಎಂದು ದ್ರಾಕ್ಷಾಯಣಮ್ಮನಿಗೆ ಆಶ್ಚರ್ಯವಾಯಿತು. ಹೋಟೆಲಿನವರು, ಹಸಿದು ಬಂದಿದ್ದಾರೆ.

ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹಾರೈಸಿ ಆದ ಮೇಲೆ, ಕೆಂಚವೀರಪ್ಪನವರು ಕರಿಬಸವರಾಜನ ಹಣೆಯ ವಿಭೂತಿಯನ್ನು ಸರಿಯಾಗಿ ನೋಡಿಕೊಂಡು, ಇನ್ನು ನಡೀಲಿ ಅಂದರು.

ಒಲೆ ಧಗಧಗ ಉರಿಯುತ್ತಿತ್ತು. ಕನ್ನಡಿಯಂಥ ಕಾವಲಿ ಅದರ ಮೇಲೆ ಕೂತಿತ್ತು. ಓಣಿಯ ಜನ ಬಾಗಿಲಲ್ಲಿ ಸೇರಿದರು. ಕರಿಬಸವರಾಜ ವಸ್ತ್ರವನ್ನು ಹೆಗಲಿಗೆ ಏರಿಸಿ, ನೀರು ಚಿಮುಕಿಸಿದ. ಹನಿಗಳು ಮುತ್ತಿನಂತೆ ಉರುಳಾಡಿದವು. ಕಾವು ಹೆಚ್ಚಾಯಿತೆಂದು ಅವನಿಗೆ ಗೊತ್ತು. ಕಟ್ಟಿಗೆ ಹಿಂದೆಳೆದ. ಹನಿ ಬಿದ್ದ ಕೂಡಲೇ ಚುಂಯ್ ಎಂದು ಆರಿ ಹೋಗುವ ತನಕ ಕಾದ. ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಒಮ್ಮೆ ಒರೆಸಿದ. ನಡುವೆ ಹಿಟ್ಟು ಬಿಟ್ಟು, ಸೌಟಿನ ತಳವನ್ನು ಒತ್ತದೆ, ಮುಟ್ಟಿಯೂ ಮುಟ್ಟದಂತೆ ಸುತ್ತಿದ. ಹಿಟ್ಟು ಅಂಚಿನವರೆಗೆ ಓಡಿತು. ಸೌಟಿನ ಅಂಚಿನಿಂದ ಮೇಲಿನ ಹೆಚ್ಚಿನ ಹಿಟ್ಟನ್ನು ಕೆರೆದು ತೆಗೆದ. ಕಟ್ಟಿಗೆ ಮುಂದೆ ತಳ್ಳಿದ. ಸುತ್ತಲೂ ಎಣ್ಣೆ ಬಿಟ್ಟ. ಜನ ಕತ್ತು ಚಾಚಿದರು. ಇನ್ನು ಅಂಚು ತಾನಾಗಿಯೇ ಏಳಬೇಕು.

ಅಂಚು ಏಳಲಿಲ್ಲ.

ಮಗುಚುವ ಕೈ ಹಾಕಿದ. ಅದು ದೋಸೆಯ ಕೆಳಗೆ ಹೋಗುವ ಬದಲು ದೋಸೆಯೊಳಗೇ ಹೋಯಿತು. ಮೇಲಿನ ಪದರ ಚೂರಾಗಿ ಕೈಗೆ ಬಂತು, ಕೆಳಗಿನದು ಕಾವಲಿಯನ್ನು ಅಪ್ಪಿಕೊಂಡಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಎಣ್ಣೆ ಧಾರಾಳ ಸುರಿದ. ಹಿಟ್ಟು ಎಣ್ಣೆಯ ಮೇಲೆ ಜಾರಿ, ಹರಡದೆ, ಸೌಟಿನ ಹಿಂದೆಯೇ ಗುಡ್ಡೆಯಾಗಿ ಬಂತು. ಬಾಗಿಲಲ್ಲಿ ನಿಂತ ಹಮಾಲನೊಬ್ಬ, ಬೆಣ್ಣೆ ಹಾಕಿ ಮುಚ್ಚಿಬಿಡ್ರಿ ಬಸಣ್ಣ, ಎಂದು ಸಲಹೆ ಕೊಟ್ಟ. ಕರಿಬಸವರಾಜನ ಹಣೆಯ ಮೇಲೆ ಬೆವರು ಹರಿದು, ಶರತ್ತಿನ ವಿಭೂತಿಯೂ ಕರಗತೊಡಗಿತು. ಅವನಿಗೆ ಇದ್ದಕ್ಕಿದ್ದಂತೆ ಬುಡನ್ ಸಾಬ್ ಕಾವಲಿಯನ್ನು ಕೊಟ್ಟ ದಿನ ಹೇಳಿದ್ದ ಮಾತು ನೆನಪಾಯಿತು. ಒರೆಸ್ರಿ, ಉಜ್ಜಬ್ಯಾಡ್ರಿ. ಇಷ್ಟು ವರ್ಷ ಎಣ್ಣೆಯನ್ನೂ ಬೆಣ್ಣೆಯನ್ನೂ ಕುಡಿದು ಕುಡಿದು ಕಬ್ಬಿಣದ ಮೈಮೇಲೆ ಕಟ್ಟಿದ್ದ ಆ ಕರಿ ಪದರವೇ ದೋಸೆಯನ್ನು ಎಬ್ಬಿಸುತ್ತಿದ್ದದ್ದು. ಅದನ್ನು ಅವನು ನಿನ್ನೆ ಹಣ್ಣು ಕಾಯಿ ಇಟ್ಟು ಪೂಜೆ ಮಾಡುವ ಮೊದಲು ಹಿತ್ತಲ ಚರಂಡಿಗೆ ತೊಳೆದುಬಿಟ್ಟಿದ್ದ.

ದ್ರಾಕ್ಷಾಯಣಮ್ಮ ಮನೆಯೊಳಗಿನಿಂದ ರೊಟ್ಟಿ ಹಂಚು ತಂದು ಹಿಡಿದಳು. ಕರಿಬಸವರಾಜ ಅದನ್ನು ನೋಡಿ ಕಣ್ಣು ಮುಚ್ಚಿದ. ದಿನಾ ಜೋಳದ ರೊಟ್ಟಿಯ ಒಣ ಹಿಟ್ಟು ಬಿಟ್ಟರೆ ಎಣ್ಣೆಯನ್ನೇ ಕಾಣದ ಹಂಚಿನ ಮೇಲೆ ದೋಸೆ ಹಾಕಿದರೆ ಅದು ಇದಕ್ಕಿಂತ ಗಟ್ಟಿಯಾಗಿ ಕಚ್ಚುತ್ತದೆ.

ಕೆಂಚವೀರಪ್ಪನವರು ಎದ್ದು ನಿಂತಿದ್ದರು. ಪೇಟ ಸರಿ ಮಾಡಿಕೊಂಡು, ದೋಸೆ ಎಂದರೆ ಎಲ್ಲರ ಕೈಗೂ ಹತ್ತುವ ವಿದ್ಯೆಯಲ್ಲವೆಂದೂ, ಅದಕ್ಕೆ ತಲೆಮಾರುಗಳ ಸಂಸ್ಕಾರ ಬೇಕೆಂದೂ ಭಾಷಣ ಶುರು ಮಾಡಿದರು. ಅವರ ಮಗಳು ಅಷ್ಟರಲ್ಲಿ ಒಲೆಯ ಹತ್ತಿರ ಬಂದಿದ್ದಳು. ಗಂಡಿನ ಜೊತೆ ನೇರವಾಗಿ ಮಾತಾಡುವಂತಿಲ್ಲ. ಹಾಗಾಗಿ ಕಾವಲಿಯನ್ನು ನೋಡುತ್ತ ದ್ರಾಕ್ಷಾಯಣಮ್ಮನನ್ನು ಕೇಳಿದಳು.

“ಅಕ್ಕಾರೆ, ಇದನ್ನ ನಿನ್ನೆ ಉಜ್ಜೀರೇನ್ರಿ?”

“ನಾನ್ಯಾಕ ಉಜ್ಜಲವ್ವ? ಈ ಮಾರಾಯ ಉಜ್ಜ್ಯಾನೆ. ಮುಖ ಕಾಣಬೇಕಂತೆ ಅದರಾಗೆ.”

ಶಾಂತಕುಮಾರಿಗೆ ಬೆಳಗಿನಿಂದ ತಡೆದಿಟ್ಟುಕೊಂಡಿದ್ದ ನಗು ಇನ್ನು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆಗೆ ಒರಗಿ ನಕ್ಕಳು. ಕರಿಬಸವರಾಜನಿಗೆ ಭೂಮಿ ಬಾಯಿ ತೆರೆದರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಅವಳ ಅಪ್ಪ ಭಾಷಣ ನಿಲ್ಲಿಸಿ, ಶಾಂತೂ, ಬಾಯಿ ಮುಚ್ಚು ಎಂದು ಗದರಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು.

“ಹೇಳಬಿಡ್ತೀನಿ ಅಪ್ಪಾರೆ, ತಡಕಣಾಕೆ ಆಗ್ವಲ್ದು,” ಅಂದಳು. ಆಮೇಲೆ ಅಕ್ಕನ ಕಡೆ ತಿರುಗಿ, “ನಮ್ಮ ಅಪ್ಪಾರೂ ನಿನ್ನೆ ಇದನ್ನೇ ಮಾಡ್ಯಾರ್ರಿ. ಪೂಜಿಗೆ ಫಳಫಳ ಅನ್ನಬೇಕಂತ ಬೂದಿ ಹಾಕಿ ತಿಕ್ಕಿ ತಿಕ್ಕಿ ಇಟ್ರು. ಬೆಳಿಗ್ಗೆ ಒಂದು ದೋಸೆ ಎದ್ದಿಲ್ಲ. ರೈಲಿನ ಮಂದಿ ನಗ್ತಾರಂತ ಹೋಟ್ಲು ಬಾಗ್ಲು ಹಾಕಿ, ಅದೇ ರೈಲು ಹತ್ತಿ ಇಲ್ಲಿಗೆ ಬಂದೀವಿ.”

ಓಣಿಯ ಜನಕ್ಕೆ ಅಷ್ಟು ಸಾಕಾಯಿತು. ನಗು ಬಾಗಿಲಿನಿಂದ ಮಂಡಿಪೇಟೆಯ ತನಕ ಹೋಯಿತು. ಕೆಂಚವೀರಪ್ಪನವರು ಕೋಟಿನ ತೋಳಿನ ಮಸಿಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಒಂದು ಗಳಿಗೆ ಕರಿಬಸವರಾಜನನ್ನು ನೋಡಿದರು. ಕರಿಬಸವರಾಜ ಅವರನ್ನು ನೋಡಿದ. ತಲೆಮಾರುಗಳ ಸಂಸ್ಕಾರ ಎರಡು ಊರಿನಲ್ಲೂ ಒಂದೇ ಮಧ್ಯಾಹ್ನ ತೊಳೆದುಹೋಗಿತ್ತು. ಇಬ್ಬರಲ್ಲಿ ಮೊದಲು ನಕ್ಕವರು ಯಾರೆಂಬುದರ ಬಗ್ಗೆ ಓಣಿಯಲ್ಲಿ ಮುಂದೆ ಬಹಳ ದಿನ ವಾದ ನಡೆಯಿತು.

ಆ ಮೇಲೆ ನಡೆದದ್ದು ಹೆಣ್ಣು ನೋಡುವ ಶಾಸ್ತ್ರವಲ್ಲ, ಗಂಡು ನೋಡುವ ಶಾಸ್ತ್ರವೂ ಅಲ್ಲ. ಶಾಂತಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಂಟಿದ್ದನ್ನೆಲ್ಲ ಮೊದಲು ಮೆಲ್ಲಗೆ ಕೆರೆದು ಒರೆಸಲಿ, ನೀರು ಮುಟ್ಟಿಸಬ್ಯಾಡಂತ ಹೇಳ್ರಿ ಅಕ್ಕಾರೆ, ಅಂದಳು. ಅಕ್ಕ ಹೇಳುವ ಮೊದಲೇ ಕರಿಬಸವರಾಜ ಒರೆಸುತ್ತಿದ್ದ. ಅವನು ಶೇಂಗಾ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ, ಕಾವಲಿಗೆ ಕಂಡೂ ಕಾಣದಷ್ಟು ತೆಳ್ಳಗೆ ಸವರಿದ. ಅವಳು ಕಟ್ಟಿಗೆ ಮುಂದೆ ತಳ್ಳಿದಳು. ಹೊಗೆ ಎದ್ದು ಅಂಗಡಿಯೆಲ್ಲ ತುಂಬಿತು. ಹೊಗೆ ನಿಂತ ಕೂಡಲೇ ಮತ್ತೆ ಎಣ್ಣೆ, ಮತ್ತೆ ಬೆಂಕಿ. ಇಬ್ಬರೂ ಕೆಮ್ಮಿದರು, ಇಬ್ಬರ ಕಣ್ಣಲ್ಲೂ ನೀರು. ಕೆಂಚವೀರಪ್ಪನವರಿಗೆ ಸುಮ್ಮನೆ ಕೂರಲಾಗಲಿಲ್ಲ. ಕೋಟು ಕಳಚಿ ಇಟ್ಟು, ಎಣ್ಣೆ ಹೆಚ್ಚಾಗಬಾರದು, ಹೆಚ್ಚಾದರೆ ಅಂಟಂಟಾಗಿ ಕೂರುತ್ತದೆ ಎಂದು ಸೂಚನೆ ಕೊಡತೊಡಗಿದರು. ಬೆಳಗ್ಗೆ ಹರಿಹರದಲ್ಲಿ ಹಾಗೆಯೇ ಆಗಿತ್ತೆಂದು ಕಾಣುತ್ತದೆ. ಬೆಳ್ಳಿಯಂತಿದ್ದ ಕಬ್ಬಿಣ ಮೊದಲು ಹಳದಿಯಾಯಿತು, ಆಮೇಲೆ ಕಂದು, ಆಮೇಲೆ ನಡುವಿನಿಂದ ಕಪ್ಪು ಹರಡಿಕೊಂಡು ಬಂತು. ನಿನ್ನೆ ಆ ಬಣ್ಣ ಹೋಗಲೆಂದು ಮೈ ಮುರಿದುಕೊಂಡವನು ಈಗ ಅದು ಬರುವುದನ್ನು ಕಂಡು ಕುಣಿಯುವುದೊಂದು ಬಾಕಿ.

ಕಾವು ಇಳಿಸಿ, ಈರುಳ್ಳಿಯ ಅರ್ಧ ಹೋಳಿನಿಂದ ತಿಕ್ಕಿದರು. ಮೊದಲ ದೋಸೆ ಚೂರಾಯಿತು, ಹಸುವಿಗೆ ಹೋಯಿತು. ಎರಡನೆಯದು ಅಂಚಿನಲ್ಲಿ ಎದ್ದು ನಡುವೆ ಕಚ್ಚಿತು, ಅದೂ ಹಸುವಿಗೆ. ಮೂರನೆಯದು ಇಡಿಯಾಗಿ ಎದ್ದಿತು, ಆದರೆ ದಪ್ಪ. ಅದನ್ನು ಕೆಂಚವೀರಪ್ಪನವರು ಯಾರಿಗೂ ಹೇಳದೆ ತಿಂದುಬಿಟ್ಟರು. ಪ್ರತಿ ದೋಸೆಯ ನಡುವೆ ಕಾವಲಿಗೆ ತುಸು ಎಣ್ಣೆ ಕುಡಿಸಿ ಒರೆಸುತ್ತಿದ್ದರು. ಓಣಿಯವರು ಈಗ ನಗುವುದನ್ನು ಬಿಟ್ಟು, ಎಬ್ಬಿಸುವಾಗಲೆಲ್ಲ ಏಳು ಏಳು ಎಂದು ಹುರಿದುಂಬಿಸುತ್ತಿದ್ದರು. ಒಬ್ಬ ಹಮಾಲ ಅಂತೂ ಬಸವಣ್ಣನಿಗೆ ಹರಕೆ ಹೊತ್ತ.

ಆಮೇಲೆ ಒಂದು ದೋಸೆ ಬಂತು.

ಕರಿಬಸವರಾಜ ಹಿಟ್ಟು ಬಿಟ್ಟು ಎಳೆದ. ಕಟ್ಟಿಗೆಯನ್ನು ಯಾವಾಗ ಹಿಂದೆಳೆಯಬೇಕು, ಯಾವಾಗ ತಳ್ಳಬೇಕು ಎಂದು ಅವನು ಹೇಳಲಿಲ್ಲ, ಶಾಂತಕುಮಾರಿ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅವನ ಒಲೆಗೆ ಇನ್ನೊಬ್ಬರ ಕೈ ಬಿದ್ದದ್ದು ಅದೇ ಮೊದಲು, ಅದು ಅವನ ಗಮನಕ್ಕೂ ಬರಲಿಲ್ಲ. ಅಂಚು ಬಂಗಾರದ ಬಣ್ಣಕ್ಕೆ ತಿರುಗಿ, ಸಣ್ಣಗೆ ಚಟಚಟ ಸದ್ದು ಮಾಡುತ್ತ, ಯಾರೂ ಮುಟ್ಟದೆ ತಾನಾಗಿಯೇ ಮೇಲೆದ್ದಿತು. ಬಾಗಿಲಲ್ಲಿ ಕೇಕೆ ಎದ್ದಿತು. ಅವನು ಎರಡು ಕೈಯಿಂದ ಅದನ್ನು ಎತ್ತಿ, ಬಾಳೆ ಎಲೆಯ ಮೇಲೆ ಇಟ್ಟು, ಕೆಂಚವೀರಪ್ಪನವರ ಮುಂದೆ ಹಿಡಿದ.

ಕೆಂಚವೀರಪ್ಪನವರು ಕೋಟು ಮತ್ತೆ ಹಾಕಿಕೊಂಡರು. ಪರೀಕ್ಷೆ ಅಂದ ಮೇಲೆ ಕೋಟು ಬೇಕು. ದೋಸೆಯ ಎರಡು ತುದಿ ಹಿಡಿದು ಬೆಳಕಿಗೆ ಎತ್ತಿದರು. ಅದರ ಆಚೆ ಹುಡುಗ ನಿಂತಿದ್ದ. ಅವನ ಹಣೆಯ ವಿಭೂತಿ ಬೆವರಿಗೆ ಹೋಗಿಬಿಟ್ಟಿತ್ತು, ಅದರ ಜಾಗದಲ್ಲಿ ಅಡ್ಡಕ್ಕೆ ಮೂರು ಗೆರೆ ಮಸಿ. ಅವನ ಪಕ್ಕದಲ್ಲಿ ತಮ್ಮ ಮಗಳು, ಅವಳ ಮೂಗಿನ ಮೇಲೂ ಮಸಿ. ಇಬ್ಬರೂ ಇತ್ತಲೇ ನೋಡುತ್ತಿದ್ದರು. ಅಷ್ಟೂ ಸ್ಪಷ್ಟವಾಗಿ ಕಂಡಿತು.

ಅವರು ದೋಸೆಯನ್ನು ಅತ್ತಿತ್ತ ಓರೆ ಮಾಡಿ ನೋಡಿದರು.

“ವಿಭೂತಿ ಕಾಣವಲ್ದು,” ಅಂದರು. ಹರಕೆ ಹೊತ್ತ ಹಮಾಲ ತಲೆಯ ಮೇಲೆ ಕೈಯಿಟ್ಟ. “ಇದ್ದರಲ್ಲವಾ ಕಾಣಾದು. ಹೋಗಿ ಮಖ ತೊಳ್ಕಂಡು, ವಿಭೂತಿ ಹಚ್ಕಂಡು ಬಾರಪ್ಪ ಅಳಿಯ. ಅಷ್ಟೊತ್ತಿಗೆ ಇದು ಮೆತ್ತಗಾಗ್ತೈತಿ, ನಾ ತಿಂದಿರ್ತೀನಿ.”

ಮದುವೆ ಆ ವರ್ಷದ ಮಾಘದಲ್ಲಿ ಆಯಿತು. ಕರಿಬಸವರಾಜ ದಾವಣಗೆರೆಯಲ್ಲೇ ಉಳಿದ, ಹೆಂಡತಿ ಬಂದ ಮೇಲೆ ಅಂಗಡಿಯಲ್ಲಿ ಎರಡು ಕಾವಲಿಗಳಾದವು. ಒಂದರಲ್ಲಿ ಬೆಣ್ಣೆ ದೋಸೆ, ಇನ್ನೊಂದರಲ್ಲಿ ಪೇಪರ್ ದೋಸೆ. ಯಾವುದು ಯಾರದೆಂದು ಹೇಳಬೇಕಾಗಿಲ್ಲ. ಗಿರಾಕಿಗಳು ಬೇಗ ಕೊಡಿ ಅಂದರೆ ಅವನು ಈಗಲೂ ಹುಬ್ಬು ಏರಿಸುತ್ತಿದ್ದ. ಆದರೆ ಮೊದಲು ಪಕ್ಕದ ಒಲೆಯ ಕಡೆ ಒಮ್ಮೆ ನೋಡಿಕೊಂಡು ಏರಿಸುತ್ತಿದ್ದ.

ಮರುವರ್ಷ ಆಯುಧ ಪೂಜೆ ಬಂತು. ಶಾಂತಕುಮಾರಿ ಬೆಳಗ್ಗೆಯೇ ಎರಡು ಕಾವಲಿಗಳನ್ನೂ ಎಣ್ಣೆ ಬಟ್ಟೆಯಿಂದ ಒರೆಸಿ, ಕಿವಿಗಳಿಗೆ ಮಾತ್ರ ವಿಭೂತಿ ಕುಂಕುಮ ಇಟ್ಟು, ಮೈಮೇಲೆ ಒಂದು ಹೂವೂ ಬೀಳದಂತೆ ನೋಡಿಕೊಂಡಳು. ಮಧ್ಯಾಹ್ನ ಹಿತ್ತಲಿನಲ್ಲಿ ಏನೋ ಕರಕರ ಸದ್ದು ಕೇಳಿ ಓಡಿ ಹೋದಳು. ಗಂಡ ಇಟ್ಟಿಗೆ ಪುಡಿ, ಹುಣಸೆಹಣ್ಣು, ತೆಂಗಿನ ನಾರು ಹರಡಿಕೊಂಡು ಕೂತು, ಬಾಗಿಲ ಹಿತ್ತಾಳೆ ಚಿಲಕವನ್ನು ಬಿಚ್ಚಿ ತಂದು ಅದನ್ನೇ ಉಜ್ಜುತ್ತಿದ್ದ.

ಅವಳು ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಳು.

“ಏನಾರ ಒಂದು ಹೊಳೀಬೇಕಲ್ಲೇ,” ಅಂದ ಕರಿಬಸವರಾಜ.